ಅಪ್ರೈಸಲ್ ಮಾತುಕತೆಯಲ್ಲಿ ‘ಪ್ರಾಬ್ಲಂ’ ಬದಲು ಏನನ್ನಬೇಕು?

ಬಾಗಿಲು ಹಾಕಿ, ಕಾಫಿ ತರಿಸಿ, ಮ್ಯಾನೇಜರ್ ಮೊದಲ ವಾಕ್ಯದಲ್ಲೇ ‘ನೋಡಿ, ನಿಮ್ಮದೊಂದೇ ಪ್ರಾಬ್ಲಂ...’ ಎಂದುಬಿಡುತ್ತಾರೆ. ಅಲ್ಲಿಂದಾಚೆ ಎದುರಿಗಿರುವವರು ಕೇಳಿಸಿಕೊಳ್ಳುವುದಿಲ್ಲ, ಉತ್ತರ ಹೊಂದಿಸಿಕೊಳ್ಳುತ್ತಿರುತ್ತಾರೆ. ಇಂಥ ಮಾತುಕತೆಗಳಲ್ಲಿ ಮೂರನೆಯವಳಾಗಿ ಕೂತು ನಾನಿದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಗಾಡಿಗೆ ಗಾಡಿ ತಾಗಿದಾಗ ರಸ್ತೆಯಲ್ಲಿ ಕೇಳಿಬರುವುದೂ ‘ಏನ್ರೀ ನಿಮ್ ಪ್ರಾಬ್ಲಂ?’ ಎಂದೇ. ಜಗಳದ ಕಾವು ಅಂಟಿರುವ ಆ ಪದವನ್ನು ಕಚೇರಿಯ ಕೋಣೆಯಲ್ಲಿ ತಣ್ಣಗೆ ಆಡಲು ಬರುವುದಿಲ್ಲ.

ಹೆಜ್ಜೆ 1: ಚೀಟಿಯಲ್ಲಿ ಬರೆದುಕೊಳ್ಳಿ. ಯಾವಾಗ, ಏನು ನಡೆಯಿತು, ಅದರಿಂದ ಏನಾಯಿತು ಎಂದು ಮೂರು ಸಾಲು ಸಾಕು. ಒಂದು ಗೋದಾಮಿನ ಉದಾಹರಣೆ: ಸೋಮವಾರ ಬೆಳಿಗ್ಗೆ 10ಕ್ಕೆ ಬರಬೇಕಾದ ಸ್ಟಾಕ್ ವರದಿ ಆರು ವಾರಗಳಲ್ಲಿ ನಾಲ್ಕು ಸಲ 11:30 ದಾಟಿ ಬಂದಿದೆ. ಎರಡು ಸಲ ಹುಬ್ಬಳ್ಳಿ ಲಾರಿ ಅರ್ಧ ಲೋಡಿನಲ್ಲಿ ಹೊರಟಿದೆ.

ಹೆಜ್ಜೆ 2: ಪದ ಆರಿಸಿ. ಎಲ್ಲರೂ ಎಡವುವುದು ಇಲ್ಲೇ. ‘ಪ್ರಾಬ್ಲಂ’ ತೆಗೆದು ‘ಸಮಸ್ಯೆ’ ಹಾಕಿದರೆ ಏನೂ ಬದಲಾಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಾರು ಪದಗಳಿವೆ, ಆದರೆ ಪ್ರತಿಯೊಂದೂ ಕಾರಣವನ್ನು ಬೇರೆ ಬೇರೆ ಕಡೆ ತೋರಿಸುತ್ತದೆ.

‘ಅಡಚಣೆ’ ಎಂದರೆ ಹೊರಗಿನದೇನೋ ದಾರಿಗೆ ಅಡ್ಡ ನಿಂತಿದೆ: ಸಿಸ್ಟಂ ನಿಧಾನ, ಇನ್ನೊಂದು ವಿಭಾಗದ ಲೆಕ್ಕ ಬಂದಿಲ್ಲ. ‘ತೊಡಕು’ ಎಂದರೆ ನೂಲು ಸಿಕ್ಕುಬಿದ್ದ ಹಾಗೆ. ಯಾರು ಯಾವಾಗ ಏನು ಮಾಡಬೇಕೆಂಬುದೇ ಗೋಜಲಾಗಿದೆ. ‘ವ್ಯತ್ಯಾಸ’ ಎಂದರೆ ಒಪ್ಪಿಕೊಂಡದ್ದಕ್ಕೂ ನಡೆದದ್ದಕ್ಕೂ ನಡುವಿನ ಅಂತರ, ಅಷ್ಟೆ. ಕಾರಣ ಇನ್ನೂ ಗೊತ್ತಿಲ್ಲದಿದ್ದರೆ ‘ವ್ಯತ್ಯಾಸ’ವನ್ನೇ ಬಳಸಿ. ಅದು ಯಾರ ಮೇಲೂ ಬೆರಳು ಮಾಡುವುದಿಲ್ಲ, ಯಾರನ್ನೂ ಬಿಡಿಸುವುದೂ ಇಲ್ಲ. ಗೊತ್ತಿಲ್ಲದೆ ‘ಅಡಚಣೆ’ ಎಂದರೆ ನೀವೇ ನೆಪವೊಂದನ್ನು ಕೈಗಿಟ್ಟಂತಾಗುತ್ತದೆ.

‘ಲೋಪ’ ಬೇಡವೇ ಬೇಡ. ‘ಕರ್ತವ್ಯಲೋಪ, ಅಮಾನತು’ ಎಂದು ಪತ್ರಿಕೆಗಳಲ್ಲಿ ಓದಿದವರಿಗೆ ಅದು ವಿಚಾರಣೆಯ ಭಾಷೆ. ‘ದೋಷ’ ಯಂತ್ರಕ್ಕೋ ಜಾತಕಕ್ಕೋ ಇರಲಿ. ‘ಚಾಲೆಂಜ್’ ಅನ್ನುವ ಸುಲಭದ ದಾರಿಯನ್ನೂ ನಾನು ಒಪ್ಪುವುದಿಲ್ಲ: ತಡವಾದ ವರದಿ ಸವಾಲಲ್ಲ, ತಡ. ಅಂತರ್ಜಾಲದಲ್ಲಿ ಸಿಗುವ ‘ಫೀಡ್‌ಬ್ಯಾಕ್ ವಾಕ್ಯಗಳ’ ಪಟ್ಟಿಗಳು ಎಲ್ಲವನ್ನೂ ‘ಸುಧಾರಣೆಯ ಅವಕಾಶ’ ಎನ್ನುತ್ತವೆ. ಕೇಳಿದವರಿಗೆ ತಮ್ಮ ಯಾವ ಕೆಲಸದ ಮಾತೆಂದೇ ತಿಳಿಯುವುದಿಲ್ಲ. ಬಹಳ ಸಲ ನಾಮಪದವೇ ಬೇಕಿಲ್ಲ. ‘ವರದಿ ತಡವಾಗಿ ಬರುತ್ತಿದೆ’ ಎಂಬ ಕ್ರಿಯಾಪದ ಸಾಕು.

ಹೆಜ್ಜೆ 3: ವಿಭಕ್ತಿ ನೋಡಿಕೊಳ್ಳಿ. ಪದ ಸರಿಯಿದ್ದೂ ಮಾತು ಕೆಡುವುದು ಇದರಿಂದ. ‘ನಿಮ್ಮ ತೊಡಕು’ ಎಂದರೆ ತೊಡಕು ಅವರ ಸ್ವಭಾವವಾಯಿತು. ‘ವರದಿಯಲ್ಲಿ ತೊಡಕು’ ಎಂದರೆ ಕೆಲಸದ್ದಾಯಿತು. ‘ನಿಮ್ಮಿಂದ ಆಗ್ತಿಲ್ಲ’ ಇನ್ನೂ ಕೆಟ್ಟದ್ದು: ಸಮಯಕ್ಕೆ ಆಗುತ್ತಿಲ್ಲ ಎನ್ನಲು ಹೊರಟು, ನಿಮಗೆ ಶಕ್ತಿಯೇ ಇಲ್ಲ ಎಂದ ಹಾಗೆ. ‘ನಿಮಗೆ ಎಲ್ಲಿ ತೊಂದರೆ ಆಗ್ತಿದೆ?’ ಎಂಬುದು ಮಾತ್ರ ಒಳ್ಳೆಯ ಪ್ರಶ್ನೆ. ‘ಗೆ’ ಪ್ರತ್ಯಯ ಅವರನ್ನು ತೊಂದರೆ ಅನುಭವಿಸುವವರ ಜಾಗದಲ್ಲಿ ಕೂರಿಸುತ್ತದೆ, ಮಾಡಿದವರ ಜಾಗದಲ್ಲಲ್ಲ.

ಆ ಗೋದಾಮಿನಲ್ಲಿ ಮ್ಯಾನೇಜರ್ ಕೊನೆಗೆ ಆಡಿದ ಮಾತಿದು: ‘ಮೇಡಂ, ಸೋಮವಾರದ ವರದಿ 10ಕ್ಕೆ ಅಂತ ಮಾತಾಗಿತ್ತು. ಆರು ವಾರದಲ್ಲಿ ನಾಲ್ಕು ಸಲ ವ್ಯತ್ಯಾಸ ಆಗಿದೆ, ಎರಡು ಸಲ ಲಾರಿ ಅರ್ಧ ಲೋಡಿನಲ್ಲಿ ಹೋಯ್ತು. ನಿಮಗೆ ಎಲ್ಲಿ ತಡ ಆಗ್ತಿದೆ?’ ಸೂಪರ್‌ವೈಸರ್ ತಕ್ಷಣ ಹೇಳಿದರು: ‘ಸರ್, ರಾತ್ರಿ ಪಾಳಿಯವರ ಎಣಿಕೆ ನನ್ನ ಕೈಗೆ ಬರೋದೇ ಒಂಬತ್ತೂಮುಕ್ಕಾಲಿಗೆ.’ ಈಗ ಅದನ್ನು ಅಡಚಣೆ ಎನ್ನಬಹುದು. ಎಣಿಕೆಯನ್ನು 8ಕ್ಕೇ ಕೊಡಬೇಕೆಂದು ರಾತ್ರಿ ಪಾಳಿಗೆ ಹೇಳುವ ಕೆಲಸ ಮ್ಯಾನೇಜರ್ ಪಾಲಿಗೆ ಬಂತು. ತಡವಾಗುವ ಸೂಚನೆಯಿದ್ದರೆ 9ಕ್ಕೇ ಫೋನ್ ಮಾಡಬೇಕಿತ್ತು ಎಂಬುದನ್ನು ಸೂಪರ್‌ವೈಸರ್ ಒಪ್ಪಿಕೊಂಡರು.

ಒಂದು ಮಿತಿ ಇದೆ. ಸುಳ್ಳು ಲೆಕ್ಕ, ಕಿರುಕುಳ, ಸುರಕ್ಷತೆಯ ನಿಯಮ ಮುರಿದದ್ದು, ಇವಕ್ಕೆ ತಟಸ್ಥ ಪದ ಹುಡುಕಬೇಡಿ. ತಪ್ಪನ್ನು ತಪ್ಪೆಂದೇ ಹೇಳಿ.

ಹೆಜ್ಜೆ 4: ವಾಪಸ್ ಹೇಳಿಸಿ. ‘ನಾವು ಏನು ಮಾತಾಡಿದೆವು, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಿ. ‘ಏನೋ ಚಿಕ್ಕ ಸಲಹೆ ಕೊಟ್ರಿ’ ಎಂದರೆ ನೀವು ಮೆತ್ತಗೆ ಮಾಡಿದ್ದು ಹೆಚ್ಚಾಯಿತು, ತಾರೀಕು ಮತ್ತು ಲಾರಿಯ ಸಂಗತಿ ಮತ್ತೆ ಹೇಳಿ. ‘ನನ್ನ ಕೆಲಸ ಸರಿಯಿಲ್ಲ ಅಂದ್ರಿ’ ಎಂದರೆ ಎಲ್ಲೋ ‘ನಿಮ್ಮ’ ನುಸುಳಿದೆ.

ಹೆಜ್ಜೆ 5: ಫಾರ್ಮ್‌ನಲ್ಲಿಯೂ ಅದೇ ಪದ. ಬಾಯಲ್ಲಿ ‘ವ್ಯತ್ಯಾಸ’ ಎಂದು ಹೇಳಿ, ಫಾರ್ಮ್‌ನಲ್ಲಿ ‘ಸಮಯಪಾಲನೆಯ ಪ್ರಾಬ್ಲಂ’ ಎಂದು ತುಂಬುವವರಿದ್ದಾರೆ. ಸಹಿ ಹಾಕುವಾಗ ಎದುರಿಗಿದ್ದವರು ಅದನ್ನು ಓದುತ್ತಾರೆ.