ಅಡಿಕೆ ಸುಲಿಯುವಾಗ ಸಿಕ್ಕಿದ ನನ್ನ ಬಯೋ

"ಡೇಟಿಂಗ್ ಆಪಲ್ಲಿ ಅಡಿಕೆ ವಿಷಯ ಬರೆದರೆ ಯಾರು ನೋಡ್ತಾರೋ? ಜಿಮ್ ಫೋಟೋ ಹಾಕು, ಇಂಗ್ಲಿಷಲ್ಲಿ ಎರಡು ಸಾಲು ಬರಿ, ಸಾಕು." ಹೋದ ವರ್ಷ ಕೊಯ್ಲಿಗೆ ಮುಂಚೆ ನನ್ನ ರೂಮಿನ ಇಬ್ಬರು ಗೆಳೆಯರು ಹೇಳಿದ್ದು ಇದು. ಈಗ ಅದೇ ಇಬ್ಬರೂ ತಮ್ಮ ಬಯೋ ತಿದ್ದಿಕೊಡು ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಪ್ ಹಾಕಿಕೊಳ್ಳುವುದು, ಸ್ವೈಪ್ ಮಾಡುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ನನಗೆ 26. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ತೀರ್ಥಹಳ್ಳಿ ಕಡೆ. ಹೊಸಬರ ಎದುರು ನನಗೆ ಮಾತು ಹೊರಡುವುದಿಲ್ಲ. ಮದುವೆ ಮನೆಗೆ ಹೋದರೆ ಬಡಿಸುವವರ ಜೊತೆ ಸೇರಿಕೊಳ್ಳುತ್ತೇನೆ. ಸಾರಿನ ಬಕೆಟ್ ಕೈಯಲ್ಲಿದ್ದರೆ ಯಾರೂ ಹಿಡಿದು ಕೂರಿಸಿ ಮಾತಾಡಿಸುವುದಿಲ್ಲ.

ಮೊದಲ ಬಯೋ ನೆಟ್‌ನಲ್ಲಿ ನೋಡಿ ಬರೆದಿದ್ದು. ಟ್ರಾವೆಲ್ ಇಷ್ಟ, ಫುಡೀ, ಕಾಫಿ ಪ್ರೇಮಿ, ಮಳೆ ಇಷ್ಟ. ಮಲೆನಾಡಿನಲ್ಲಿ ಹುಟ್ಟಿದವನು ಮಳೆ ಇಷ್ಟ ಅಂತ ಬರೆದರೆ ಅದರಲ್ಲಿ ಓದುವವರಿಗೆ ಏನೂ ಸಿಗುವುದಿಲ್ಲ. ಎರಡು ತಿಂಗಳಲ್ಲಿ ಸುಮಾರು 400 ಜನರಿಗೆ ಲೈಕ್ ಕೊಟ್ಟಿರಬೇಕು. ಮ್ಯಾಚ್ ಆಗಿದ್ದು ಏಳೋ ಎಂಟೋ. ಮಾತು ಮುಂದುವರಿದಿದ್ದು ಒಂದೇ ಒಂದು, ಅದೂ ಎರಡು ದಿನ.

ತಪ್ಪು ಫೋಟೋದಲ್ಲಿದೆ ಅಂದುಕೊಂಡೆ. ಒಬ್ಬ ಫೋಟೋಗ್ರಾಫರಿಗೆ 2,500 ಕೊಟ್ಟು ಗಾಜನೂರು ಡ್ಯಾಮ್ ಹತ್ತಿರ ಫೋಟೋ ತೆಗೆಸಿದೆ. ಆಪ್‌ನ ಮೂರು ತಿಂಗಳ ಪ್ಲಾನ್‌ಗೆ ಸಾವಿರದ ಮುನ್ನೂರು ಚಿಲ್ಲರೆ ಹೋಯಿತು. ಬಯೋ ಬರೆದುಕೊಡುತ್ತೇನೆ ಅಂದವರೊಬ್ಬರಿಗೆ 800 ಕಳಿಸಿದೆ. ಅವರು ಕೊಟ್ಟ ಸಾಲುಗಳು ಚೆನ್ನಾಗಿಯೇ ಇದ್ದವು, ಜೋಕ್ ಕೂಡ ಇತ್ತು. ಅದನ್ನು ಹಾಕಿದ ಮೇಲೆ ಮ್ಯಾಚ್ ಸ್ವಲ್ಪ ಜಾಸ್ತಿಯಾಯಿತು. ಆದರೆ ಬಂದವರು ಅದೇ ಧಾಟಿಯಲ್ಲಿ ಪಟಪಟ ಮಾತಾಡಿದರು, ನನ್ನಿಂದ ಉತ್ತರ ಬರಲಿಲ್ಲ. ಮೂರನೇ ಮೆಸೇಜಿಗೇ ಅವರಿಗೆ ಗೊತ್ತಾಗುತ್ತಿತ್ತು, ಬರೆದವರೇ ಬೇರೆ, ಮಾತಾಡುವವನೇ ಬೇರೆ ಅಂತ. ಎಲ್ಲ ಸೇರಿ ಐದು ಸಾವಿರದ ಹತ್ತಿರ ಖರ್ಚಾಯಿತು. ಅಷ್ಟು ಖರ್ಚಾದ ಮೇಲೆ ಕಲಿತಿದ್ದು, ಬಯೋ ನಿಮಗಿಂತ ಜೋರಾಗಿ ಮಾತಾಡಿದರೆ ಮೂರು ಮೆಸೇಜಲ್ಲಿ ಸಿಕ್ಕಿಬೀಳುತ್ತೀರಿ.

ಅದಾದ ಮೇಲೆ ಉಲ್ಟಾ ಹೋದೆ. "ನಾನು ನಾಚಿಕೆ ಸ್ವಭಾವದವನು, ಮಾತು ಕಡಿಮೆ, ದಯವಿಟ್ಟು ಅರ್ಥ ಮಾಡಿಕೊಳ್ಳಿ" ಅಂತ ಬರೆದೆ. ನಿಜವನ್ನೇ ಬರೆದಿದ್ದೆ, ಕೆಲಸಕ್ಕೆ ಬರಲಿಲ್ಲ. ಒಬ್ಬರು "ಪಾಪ, ಪರವಾಗಿಲ್ಲ ಬಿಡಿ" ಅಂತ ಬರೆದು ಸುಮ್ಮನಾದರು. ಅದಕ್ಕೆ ಏನು ಉತ್ತರ ಕೊಡೋದು? ಮಾತಿಗೆ ಜಾಗವೇ ಇರಲಿಲ್ಲ. ಹೆಣ್ಣುಮಕ್ಕಳೇ ಮೊದಲು ಬರೆಯಬೇಕು ಅನ್ನುವ ನಿಯಮದಿಂದ ಹೆಸರಾದ ಬಂಬಲ್ ಥರದ ಆಪ್‌ನಲ್ಲಿ ಇದು ಇನ್ನೂ ಕಷ್ಟ. ಮ್ಯಾಚ್ ಆಗಿ 24 ಗಂಟೆಯಲ್ಲಿ ಆ ಕಡೆಯಿಂದ ಒಂದು ಮಾತು ಬರದಿದ್ದರೆ ಆ ಮ್ಯಾಚ್ ಹೋಯಿತು. ಅವರು ಏನಾದರೂ ಬರೆಯಬೇಕಾದರೆ ನಮ್ಮ ಬಯೋದಲ್ಲಿ ಹಿಡಿದುಕೊಳ್ಳಲು ಏನಾದರೂ ಇರಬೇಕಲ್ವಾ?

ದಾರಿ ಸಿಕ್ಕಿದ್ದು ಊರಲ್ಲಿ, ಕೊಯ್ಲಿನ ಹೊತ್ತಿಗೆ. ರಾತ್ರಿ ಅಂಗಳದಲ್ಲಿ ಹಸಿ ಅಡಿಕೆ ಸುಲಿಯಲು ಕೂತಿದ್ದೆವು. ಅಕ್ಕ ಬಂದಿದ್ದಳು. ನಾನು ಮೆಟ್ಟುಗತ್ತಿ ಮೇಲೆ ಕೂತು ಸುಲಿಯುತ್ತಾ ಅವಳಿಗೆ ಮಂಡಿ ಕಥೆ ಹೇಳುತ್ತಿದ್ದೆ. ಒಂದು ಗಂಟೆ ಆದ ಮೇಲೆ ಅವಳು, "ನಿಂಗೆ ಮಾತು ಬರಲ್ಲ ಅಂತ ಯಾರು ಹೇಳಿದ್ದೋ? ಕೈಗೆ ಕೆಲಸ ಕೊಟ್ಟರೆ ನಿನ್ನ ಬಾಯಿ ನಿಲ್ಲಲ್ಲ" ಅಂದಳು.

ಮರುದಿನ ರಾತ್ರಿ ಫೋನಿನ ರೆಕಾರ್ಡರ್ ಆನ್ ಮಾಡಿ ಬುಟ್ಟಿ ಪಕ್ಕ ಇಟ್ಟೆ. ಅಕ್ಕನಿಗೆ ಹೇಳಿದ್ದೆ, "ನನ್ನ ಬಗ್ಗೆ ಹೇಳು ಅಂತ ಮಾತ್ರ ಕೇಳಬೇಡ, ಬೇರೆ ಏನಾದ್ರೂ ಕೇಳು." ಅವಳು ಕೇಳಿದ್ದು ಇಂಥವು: ಈ ವಾರ ಮಂಡಿಯಲ್ಲಿ ಏನಾಯ್ತು? ಯಾರ ಜೊತೆ ಜಗಳ ಆಡ್ದೆ? ಊಟದಲ್ಲಿ ಯಾವುದಕ್ಕೆ ಹಟ ಮಾಡ್ತೀಯ? ಸುಮಾರು 40 ನಿಮಿಷ ರೆಕಾರ್ಡ್ ಆಯಿತು.

ಎರಡು ದಿನ ಬಿಟ್ಟು ಅದನ್ನು ಕೇಳಿದೆ. ಮುಕ್ಕಾಲು ಭಾಗ "ಹೂಂ", "ಗೊತ್ತಿಲ್ಲ" ಅನ್ನುವುದೇ ಇತ್ತು. ಮೂರು ಕಡೆ ಮಾತ್ರ ನನ್ನ ದನಿ ಬೇರೆಯಾಗಿತ್ತು. ವೇಗವಾಗಿ, ನಿಲ್ಲಿಸದೆ ಮಾತಾಡಿದ್ದೆ. ಒಂದು, ಅಡಿಕೆಯನ್ನು ಮುಟ್ಟಿ ಗುರುತಿಸುವ ವಿಷಯ. ಎರಡು, ಗುಂಪಿನಲ್ಲಿ ಯಾಕೆ ಸುಮ್ಮನಾಗುತ್ತೇನೆ ಅನ್ನುವುದು. ಮೂರು, ಅಪ್ಪೆಮಿಡಿ ಉಪ್ಪಿನಕಾಯಿ. ಆ ಮೂರು ಕಡೆ ನಾನು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಂಡೆ. ತಿದ್ದಿದ ಮೇಲೆ ಬಯೋ ಹೀಗಾಯಿತು:

"ಶಿವಮೊಗ್ಗದಲ್ಲಿ ಲೆಕ್ಕ ಬರೆಯುವ ಕೆಲಸ. ಕಣ್ಣು ಮುಚ್ಚಿ ಮುಟ್ಟಿದರೂ ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು ಹೇಳ್ತೀನಿ. ಗುಂಪಲ್ಲಿ ಮಾತು ಕಡಿಮೆ, ಕೈಯಲ್ಲಿ ಕೆಲಸ ಇದ್ದು ಪಕ್ಕದಲ್ಲಿ ಒಬ್ಬರೇ ಇದ್ದರೆ ನಿಲ್ಲಿಸಲ್ಲ. ಅಪ್ಪೆಮಿಡಿ ಎರಡು ವರ್ಷ ಹಳೇದಾದ ಮೇಲೇ ತಿನ್ನಬೇಕು ಅಂತ ನನ್ನ ವಾದ."

ಎರಡನೇ ಸಾಲು ನನ್ನ ಹೆಮ್ಮೆ. ಅದರ ಬಗ್ಗೆ ಯಾರು ಕೇಳಿದರೂ ಹತ್ತು ನಿಮಿಷ ತಡವರಿಸದೆ ಹೇಳಬಲ್ಲೆ. ನಾಚಿಕೆ ಇರುವವರು ಸಾಲು ಆರಿಸುವಾಗ ನೋಡಬೇಕಾದದ್ದು ಇದನ್ನೇ. ಬಯೋದಲ್ಲಿ ಬರೆದಿದ್ದೇ ಮೊದಲ ಮಾತುಕತೆಯ ವಿಷಯ ಆಗುತ್ತದೆ. ಹಾಗಾಗಿ ನಿಮ್ಮ ಬಾಯಿ ತಾನಾಗಿ ಬಿಡುವ ಜಾಗದಿಂದಲೇ ಸಾಲು ತೆಗೆಯಬೇಕು. ಕೇಳಲು ಚೆಂದ ಅಂತ ಚಾರಣ ಅಂತ ಬರೆದು, ಯಾರೋ ಕುಂದಾದ್ರಿ ಹತ್ತಿದ್ದೀರಾ ಅಂತ ಕೇಳಿದರೆ "ಒಂದ್ಸಲ" ಅಂತ ನಿಲ್ಲಿಸಬೇಕಾದರೆ ಆ ಸಾಲು ಇದ್ದೂ ಇಲ್ಲದ ಹಾಗೆ.

ಮೂರನೇ ಸಾಲು ನಾಚಿಕೆಯದ್ದೇ. ಮೊದಲು ಬರೆದಿದ್ದ "ಅರ್ಥ ಮಾಡಿಕೊಳ್ಳಿ" ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅದರಲ್ಲಿ ಕ್ಷಮೆ ಕೇಳುತ್ತಿದ್ದೆ. ಇದರಲ್ಲಿ ನನ್ನ ಜೊತೆ ಹೇಗೆ ಕೂತರೆ ಮಾತು ಬರುತ್ತದೆ ಅನ್ನುವುದು ಇದೆ. ಒಬ್ಬರಂತೂ ನೇರವಾಗಿ, "ಹಾಗಾದ್ರೆ ಕಾಫಿ ಬೇಡ, ಅವರೆಕಾಳು ಸುಲಿಯೋಣ" ಅಂತ ಬರೆದಿದ್ದರು.

ನಾಲ್ಕನೇ ಸಾಲಿಗೆ ಮೊದಲು ಪ್ರಶ್ನೆ ಹಾಕಿದ್ದೆ: ನಿಮಗೆ ಯಾವ ಉಪ್ಪಿನಕಾಯಿ ಇಷ್ಟ? ಹತ್ತು ದಿನ ಇಟ್ಟು ನೋಡಿದೆ. ಬಂದ ಉತ್ತರ "ಮಾವು", "ನಿಂಬೆ", ಅಷ್ಟೇ. ಇಂಟರ್‌ವ್ಯೂ ಥರ ಆಯಿತು. ಪ್ರಶ್ನೆ ತೆಗೆದು ವಾದ ಇಟ್ಟೆ. ನಮ್ಮ ಕಡೆಯವರಿಗೆ ಯಾರಾದರೂ ಅಪ್ಪೆಮಿಡಿ ಬಗ್ಗೆ ತಪ್ಪು ಹೇಳಿದರೆ ಸುಮ್ಮನಿರಲು ಆಗುವುದಿಲ್ಲ. ಹೊಸ ಮಿಡಿಯೇ ಕಟುಂ ಅನ್ನುತ್ತೆ, ಹಳೇದು ಮೆತ್ತಗಾಗುತ್ತೆ ಅಂತ ತಿದ್ದಲು ಬರುತ್ತಾರೆ. ತಿದ್ದಲು ಬಂದವರ ಜೊತೆ ಮಾತು ಬೆಳೆಸುವುದು ಸುಲಭ. ಜಾತಿ, ರಾಜಕೀಯ, ಸಸ್ಯಾಹಾರ ಮಾಂಸಾಹಾರದ ವಾದ ಮಾತ್ರ ಇಲ್ಲಿ ಬೇಡ. ತಿದ್ದಿದವರಿಗೂ ತಿದ್ದಿಸಿಕೊಂಡವರಿಗೂ ನೋವಾಗದ ವಿಷಯ ಇರಬೇಕು.

ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದೊಂದೇ ಸಾಲನ್ನು ಗೆಳೆಯನ ಪ್ರೊಫೈಲಿಗೆ ಅಂಟಿಸಿದ ಹಾಗೆ ಊಹಿಸಿ. ಅಲ್ಲೂ ಸರಿಹೊಂದಿದರೆ ಅಳಿಸಿಬಿಡಿ. ನನ್ನ ಮೊದಲ ಬಯೋ ರೂಮಿನ ಇಬ್ಬರಿಗೂ ಸರಿಹೊಂದುತ್ತಿತ್ತು. ಈಗಿನದರಲ್ಲಿ ಮೊದಲ ಸಾಲು ಬಿಟ್ಟು ಒಂದೂ ಹೊಂದುವುದಿಲ್ಲ.

ಮೊದಲ ಸಾಲು ಅಷ್ಟು ಸಪ್ಪೆ ಯಾಕೆ ಅಂತ ಕೇಳಬಹುದು. ಅದಕ್ಕೆ ಬೆಲೆ ತೆತ್ತಿದ್ದೇನೆ. ಮೊದಲು ಅದರಲ್ಲಿ ಊರಿನ ಹೆಸರು, ಮಂಡಿ ಇರುವ ಬೀದಿ ಎರಡೂ ಇತ್ತು. ನಿಖರವಾಗಿ ಬರೆಯಬೇಕು ಅನ್ನುವ ಹುರುಪಲ್ಲಿ ಬರೆದಿದ್ದೆ. ವಾರದೊಳಗೆ ದೂರದ ಸಂಬಂಧಿಕರೊಬ್ಬರು ಅಮ್ಮನಿಗೆ ಫೋನ್ ಮಾಡಿ, "ಮಗನಿಗೆ ನಾವೇ ಹೆಣ್ಣು ನೋಡ್ತಿದ್ವಲ್ಲ" ಅಂದರು. ಒಂದು ತಿಂಗಳು ಆಪ್ ತೆರೆಯಲಿಲ್ಲ. ನಮ್ಮ ಕಡೆ ಊರು ಚಿಕ್ಕದು. ಕೆಲಸ, ಬೀದಿ, ಊರು ಮೂರೂ ಕೂಡಿದರೆ ಆಳು ಯಾರು ಅಂತ ಗೊತ್ತಾಗುತ್ತದೆ. ಹೆಣ್ಣುಮಕ್ಕಳು ಇದರಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಕೆಲವು ಆಪ್‌ಗಳಲ್ಲಿ ಫೋನಿನಲ್ಲಿರುವ ನಂಬರುಗಳಿಗೆ ಪ್ರೊಫೈಲ್ ಕಾಣದ ಹಾಗೆ ಮಾಡಬಹುದು. ನಾನು ಮಾಡಿದೆ. ಆದರೆ ನಾನು ನಂಬರೇ ಇಟ್ಟುಕೊಂಡಿರದ ಚಿಕ್ಕಮ್ಮನ ಮಗನಿಗೆ ಅದರಿಂದ ತಡೆಯಿಲ್ಲ. ವಿವರವೆಲ್ಲ ಸ್ವಭಾವದ ಸಾಲಿನಲ್ಲಿ ಇರಲಿ, ವಿಳಾಸದ ಸಾಲು ಮಸುಕಾಗಿರಲಿ.

ಕನ್ನಡ ಲಿಪಿಯಲ್ಲೇ ಬರೆಯುವವರಿಗೆ ಒಂದು ಮಾತು. ಬಂಬಲ್ ಬಯೋಗೆ 300 ಅಕ್ಷರ, ಹಿಂಜ್ ಆಪ್ ಕೇಳುವ ಪ್ರಶ್ನೆಗಳ ಒಂದೊಂದು ಉತ್ತರಕ್ಕೆ 150. ನನ್ನ ಫೋನಿನಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬಂದವು. "ಲೆಕ್ಕ" ಅನ್ನುವುದು ಕಣ್ಣಿಗೆ ಎರಡಕ್ಷರ, ಅಲ್ಲಿ ಐದು. ನನ್ನ ನಾಲ್ಕು ಸಾಲು 250ರ ಆಸುಪಾಸಿಗೆ ಬಂತು. ಐದನೇ ಸಾಲು ಹಿಡಿಯಲಿಲ್ಲ, ಒಳ್ಳೆಯದೇ ಆಯಿತು. ಸುಮ್ನೆ ನೋಡೋಣ ಅಂತ ಮೂರು ವಾರ ಇಂಗ್ಲಿಷ್ ಅಕ್ಷರದಲ್ಲಿ ಅದೇ ಕನ್ನಡ ಹಾಕಿದ್ದೆ. ಮ್ಯಾಚ್ ಹೆಚ್ಚು ಕಡಿಮೆ ಅಷ್ಟೇ ಬಂದವು, ಆದರೆ ಅಪ್ಪೆಮಿಡಿ ವಾದಕ್ಕೆ ಇಳಿದವರು ಕನ್ನಡ ಲಿಪಿ ಇದ್ದಾಗಲೇ ಜಾಸ್ತಿ. ದೂರವನ್ನು 30 ಕಿಲೋಮೀಟರ್ ಇಟ್ಟಾಗ ಎರಡು ದಿನಕ್ಕೆ ಪ್ರೊಫೈಲ್ ಮುಗಿದುಹೋಗಿದ್ದವು. ಸಾಗರ, ತೀರ್ಥಹಳ್ಳಿ ಸೇರುವ ಹಾಗೆ 80 ಮಾಡಿದೆ. ಬಯೋ ಎಷ್ಟೇ ಚೆನ್ನಾಗಿದ್ದರೂ ಓದಲು ಜನ ಬೇಕಲ್ಲ.

ಹೊಸ ಬಯೋ ಹಾಕಿ ಎರಡು ತಿಂಗಳಲ್ಲಿ ಲೈಕ್ ಕೊಟ್ಟಿದ್ದು 150 ಇರಬಹುದು, ಮ್ಯಾಚ್ 11. ಅದರಲ್ಲಿ ಎಂಟೊಂಬತ್ತು ಜನ ಅಡಿಕೆಯಿಂದಲೋ ಉಪ್ಪಿನಕಾಯಿಯಿಂದಲೋ ಮಾತು ಶುರು ಮಾಡಿದರು. ದುಡ್ಡು ಒಂದು ಪೈಸೆ ಖರ್ಚಾಗಲಿಲ್ಲ. ಫೋಟೋ ಕೂಡ ಬದಲಿಸಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅಂಗಳದಲ್ಲಿ ಅಕ್ಕ ತೆಗೆದ ಒಂದು ಫೋಟೋ ಮೊದಲಿಗೆ ಬಂತು. ಯಾವ ಫೋಟೋ ಪಕ್ಕ ಯಾವ ಸಾಲು ಇಡಬೇಕು ಅನ್ನುವುದರಲ್ಲಿ ನನ್ನದೊಂದು ಲೆಕ್ಕ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆ 11ರಲ್ಲಿ ಒಬ್ಬರು ಸಾಗರದ ಕಡೆಯವರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಗಾಂಧಿ ಪಾರ್ಕಿನಲ್ಲಿ ಸಿಕ್ಕಾಗ ಅವರು ಒಂದು ಚಿಕ್ಕ ಡಬ್ಬಿ ತಂದಿದ್ದರು, ಅದರಲ್ಲಿ ಆ ವರ್ಷದ ಅಪ್ಪೆಮಿಡಿ. ಇನ್ನೊಂದು ಬಟ್ಟೆಯ ಚೀಲದಲ್ಲಿ ಅಡಿಕೆ. "ಕಣ್ಣು ಮುಚ್ಚಿ" ಅಂದರು. ರಾಶಿ, ಬೆಟ್ಟೆ, ಗೊರಬಲು ಸರಿಯಾಗಿ ಹೇಳಿದೆ. ನಾಲ್ಕನೆಯದನ್ನು ಸರಕು ಅಂದೆ. "ಅಲ್ಲ, ಅದೂ ಬೆಟ್ಟೆನೇ, ಬೇಕಂತಲೇ ಹಾಕಿದ್ದು" ಅಂತ ಅವರು ಹೇಳಿದರು. ನಾನು ಒಪ್ಪಲಿಲ್ಲ. ಅದನ್ನು ಬೆಳಕಿಗೆ ಹಿಡಿದು, ಹಲ್ಲಲ್ಲಿ ಕಡಿದು ನೋಡಿ, ಇಬ್ಬರೂ ಮುಕ್ಕಾಲು ಗಂಟೆ ವಾದ ಮಾಡಿದೆವು.