ಬೆಲ್ಲದ ಅಚ್ಚು ತೂಗುವ ರೋಬೋ: ಮೂರು ಸುಗ್ಗಿ ಕಾಡಿದ ನಲವತ್ತು ಗ್ರಾಂ

ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ಇದೆ. ಅಲ್ಲಿ ಒಂದು ಕಿಲೋ ಅಚ್ಚು ಬೆಲ್ಲವನ್ನು ತೂಕಕ್ಕೆ ತಕ್ಕಂತೆ ಮೂರು ತಟ್ಟೆಗಳಿಗೆ ಬೇರ್ಪಡಿಸುವ ಚಿಕ್ಕ ರೋಬೋ ಒಂದನ್ನು ಕಟ್ಟಿದ್ದೇನೆ. ಕೈ ಅಚ್ಚನ್ನು ಎತ್ತಿ ತೂಕದ ತಟ್ಟೆಯ ಮೇಲಿಡುತ್ತದೆ, ಹಿಂದೆ ಸರಿಯುತ್ತದೆ, ತೂಕ ಗೊತ್ತಾದ ಮೇಲೆ ಪಕ್ಕದ ದೂಡುಪಟ್ಟಿ ಅಚ್ಚನ್ನು ಸರಿಯಾದ ಕಡೆಗೆ ತಳ್ಳುತ್ತದೆ. ಮೊದಲ ಸುಗ್ಗಿಯಲ್ಲಿ ಇದನ್ನು ನೋಡಿ ಮಾವ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: “ನಲವತ್ತು ಗ್ರಾಂ ಆಚೀಚೆ ಹೇಳುವ ಯಂತ್ರ ನನಗೇಕಪ್ಪಾ? ಅಷ್ಟನ್ನು ನನ್ನ ಕೈಯೇ ಹೇಳುತ್ತದೆ.” ತಕ್ಕಡಿ ರಿಪೇರಿ ಮಾಡುವವರೊಬ್ಬರು, ನೂರು ರೂಪಾಯಿಯ ಬೋರ್ಡಿನಿಂದ ತೂಕ ಬರುವುದಿಲ್ಲ, ಸಿದ್ಧ ತಕ್ಕಡಿ ಕೊಂಡುಕೊಳ್ಳಿ ಎಂದರು. ಈಗ ಅದೇ ಬೋರ್ಡಿನಲ್ಲಿ ಒಂದು ಗ್ರಾಂ ಒಳಗಿನ ತೂಕ ಬರುತ್ತಿದೆ.

ಸಾಮಾನು ನೀವೆಲ್ಲ ಬಲ್ಲದ್ದೇ. ಭಾರವನ್ನು ವಿದ್ಯುತ್ ಸಂಕೇತವಾಗಿಸುವ 5 ಕಿಲೋ ಅಲ್ಯೂಮಿನಿಯಂ ಪಟ್ಟಿಯ ಲೋಡ್ ಸೆಲ್, ಆ ಸಂಕೇತವನ್ನು ಅಂಕಿಯಾಗಿಸುವ HX711 ಬೋರ್ಡ್, ಪ್ರೋಗ್ರಾಂ ಓಡಿಸಲು ಒಂದು ಆರ್ಡುಯಿನೋ ನ್ಯಾನೋ, ಕೈಗೆ ದೊಡ್ಡ ಸರ್ವೊ ಮೋಟಾರುಗಳು. ಸೆಲ್‌ಗೆ ವಿದ್ಯುತ್ ಕೊಡುವ ತಂತಿಗಳು ಕೆಂಪು E+, ಕಪ್ಪು E-, ಸಂಕೇತ ತರುವವು ಹಸಿರು A+, ಬಿಳಿ A-. ಬಣ್ಣವನ್ನು ಮಾತ್ರ ನಂಬಬೇಡಿ. ನನಗೆ ಬಂದ ಎರಡನೆಯ ಸೆಲ್‌ನಲ್ಲಿ ಬಣ್ಣಗಳು ಅದಲುಬದಲಾಗಿದ್ದವು. ಮಲ್ಟಿಮೀಟರಿನಲ್ಲಿ ಆರು ಜೋಡಿಗಳನ್ನೂ ಅಳೆದರೆ, ಹೆಚ್ಚಿನ ಓಮ್ ತೋರಿಸುವ ಎರಡು ಜೋಡಿಗಳು ಸೆಲ್ ಒಳಗಿನ ಚೌಕಾಕಾರದ ಸರ್ಕ್ಯೂಟಿನ ಎದುರುಬದುರು ಮೂಲೆಗಳು, ಉಳಿದ ನಾಲ್ಕು ಅಕ್ಕಪಕ್ಕದವು. ಬೆಸುಗೆಗೆ ಮುಂಚೆ ಬೋರ್ಡಿನ E- ಮತ್ತು ನೆಲದ ಕಾಲಾದ GND ನಡುವೆ ಸಂಪರ್ಕ ಇದೆಯೇ ಎಂದೂ ನೋಡಿ. ಅಗ್ಗದ ಹಸಿರು ಬೋರ್ಡುಗಳಲ್ಲಿ ಕೆಲವಕ್ಕೆ ಅದು ಇರುವುದೇ ಇಲ್ಲ. ನಾನು ಕೊಂಡ ನಾಲ್ಕರಲ್ಲಿ ಒಂದು ಹಾಗಿತ್ತು. ಒಂದು ತುಂಡು ತಂತಿ ಬೆಸೆದ ಕೂಡಲೇ ಅಂಕಿಗಳ ಕುಣಿತ ನಿಂತಿತು. ಆದರೆ ಆ ತುಂಡು ತಂತಿ ತಿಳಿಯುವ ಮೊದಲು ಒಂದು ವಾರ ಪ್ರೋಗ್ರಾಂ ತಿದ್ದುತ್ತ ಕುಳಿತಿದ್ದೆ.

ನಿಜವಾದ ಕಾಟ ಬಂದದ್ದು ಕೈ ಓಡಲು ಶುರುವಾದ ಮೇಲೆ. ಕೈಗೆ ವಿದ್ಯುತ್ ಕೊಡದಿದ್ದಾಗ ತೂಕ ಅರ್ಧ ಗ್ರಾಂ ಒಳಗೆ ನಿಲ್ಲುತ್ತಿತ್ತು, ಕೈ ಅಲುಗಿದೊಡನೆ ನಲವತ್ತು ಗ್ರಾಂ ಹಾರುತ್ತಿತ್ತು. ಅಲುಗಾಟದ ಕಂಪನ ಎಂದುಕೊಂಡು ತಟ್ಟೆಯ ಕೆಳಗೆ ರಬ್ಬರ್ ಹಾಕಿದೆ, ಕಡಪಾ ಕಲ್ಲು ಹಾಕಿದೆ, ಬೇರೆ ಮೇಜನ್ನೇ ಮಾಡಿಸಿದೆ. ಇದಕ್ಕೇ ಸುಮಾರು ಎರಡೂವರೆ ಸಾವಿರ ಹೋಯಿತು. ಆಮೇಲೆ ಮೂವತ್ತು ಅಂಕಿಗಳ ಸರಾಸರಿ ಹಾಕಿದೆ. ಕುಣಿತ ಕಡಿಮೆಯಾಯಿತು, ಆದರೆ ಸೆಕೆಂಡಿಗೆ ಹತ್ತು ಅಂಕಿ ಕೊಡುವ ಬೋರ್ಡಿನಲ್ಲಿ ಮೂವತ್ತರ ಸರಾಸರಿ ಎಂದರೆ ಮೂರು ಸೆಕೆಂಡಿನ ಹಳೆಯ ನೆನಪು. ಹಗುರ ಅಚ್ಚಿನ ಹಿಂದೆ ಭಾರದ ಅಚ್ಚು ಬಂದರೆ, ಭಾರದ್ದೂ ಹಗುರದ ತಟ್ಟೆಗೇ ಹೋಗುತ್ತಿತ್ತು. ಸುಮಾರು ಇನ್ನೂರು ಅಚ್ಚುಗಳನ್ನು ಮತ್ತೆ ಕೈಯಲ್ಲಿ ತೂಗಿಸಬೇಕಾಯಿತು. ಮಾವ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಕೊನೆಗೆ ಒಂದು ರಾತ್ರಿ ಲೋಡ್ ಸೆಲ್ ಮೇಲೆ ಏನೂ ಇಡದೆ, ಕೈಯನ್ನು ಗಾಳಿಯಲ್ಲಿ ಓಡಿಸಿ, ಬೋರ್ಡಿಗೆ ವಿದ್ಯುತ್ ಬರುವ ಕಾಲಿನ ಮೇಲೇ ಮೀಟರ್ ಹಿಡಿದೆ. ಕನಿಷ್ಠ ವೋಲ್ಟೇಜ್ ನೆನಪಿಡುವ ಮೀಟರ್ ಅದು. 5 ವೋಲ್ಟ್ ಇರಬೇಕಾದ ಕಡೆ 4.2 ತೋರಿಸಿತು. ನಾನು ಸರ್ವೊಗಳಿಗೂ ಬೋರ್ಡಿಗೂ ವೋಲ್ಟೇಜ್ ಇಳಿಸುವ ಒಂದೇ ಬಕ್ ಕನ್ವರ್ಟರಿನಿಂದ, ಒಂದೇ ತೆಳು ತಂತಿಯಲ್ಲಿ ವಿದ್ಯುತ್ ಕೊಟ್ಟಿದ್ದೆ. ಬೋರ್ಡು ಸೆಲ್‌ಗೆ ಕೊಡುವ ವೋಲ್ಟೇಜನ್ನು ಸುಮಾರು 4.3ಕ್ಕೆ ತಾನೇ ನಿಯಂತ್ರಿಸಿಕೊಳ್ಳುತ್ತದೆ. ಒಳಬರುವುದೇ ಅದಕ್ಕಿಂತ ಕೆಳಗೆ ಇಳಿದರೆ ನಿಯಂತ್ರಣಕ್ಕೆ ಎಡೆಯೇ ಇಲ್ಲ, ಮೋಟಾರಿನ ಗದ್ದಲವೆಲ್ಲ ಸೀದಾ ಸೆಲ್‌ಗೆ ಹೋಗುತ್ತದೆ. ಕೈ ನಿಂತಂತೆ ಕಂಡಾಗಲೂ ಸರ್ವೊ ತನ್ನ ಜಾಗ ಹಿಡಿದುಕೊಳ್ಳಲು ಗುಂಯ್‌ಗುಡುತ್ತ ಕರೆಂಟ್ ಎಳೆಯುತ್ತಲೇ ಇರುತ್ತದೆ.

ಸರ್ವೊಗಳಿಗೆ ಬೇರೆ ಕನ್ವರ್ಟರ್ ಹಾಕಿದೆ. ಎರಡು ಕನ್ವರ್ಟರುಗಳ ನೆಲದ ತಂತಿಗಳು, ಅವಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನ ಒಂದೇ ತಿರುಪಿನಲ್ಲಿ ಮಾತ್ರ ಸೇರುತ್ತವೆ, ದಾರಿಯಲ್ಲಿ ಎಲ್ಲಿಯೂ ಸೇರುವುದಿಲ್ಲ. ಬೋರ್ಡನ್ನು ಸೆಲ್ ಪಕ್ಕಕ್ಕೇ ತಂದು, ಸೆಲ್‌ನ ತಂತಿಯನ್ನು ಒಂದು ಗೇಣಿಗೆ ಇಳಿಸಿದೆ. ಅದರ ಜಾಲರಿ ಹೊದಿಕೆಯನ್ನು ಬೋರ್ಡಿನ ಕಡೆ ಮಾತ್ರ ನೆಲಕ್ಕೆ ಬೆಸೆದೆ. ಖರ್ಚು ಇನ್ನೂರೈವತ್ತು ರೂಪಾಯಿ ಇರಬಹುದು. ನಲವತ್ತು ಗ್ರಾಂ ಎರಡು ಗ್ರಾಂಗೆ ಇಳಿಯಿತು, ಅದೂ ಒಂದು ಸಾಲು ಪ್ರೋಗ್ರಾಂ ಮುಟ್ಟದೆ.

ಒಂದು ಹುಳುಕು ಉಳಿದಿತ್ತು. ಮೊಬೈಲಿನಿಂದ ಬ್ಲೂಟೂತ್ ಆಜ್ಞೆ ಬಂದ ಗಳಿಗೆಯಲ್ಲಿ ಅಂಕಿ ಹುಚ್ಚುಹುಚ್ಚಾಗಿ ಹಾರುತ್ತಿತ್ತು. ಹೆಕ್ಸ್‌ನಲ್ಲಿ ಬರೆಸಿ ನೋಡಿದಾಗ ಅಂಥ ಅಂಕಿಗಳ ಬಾಲದಲ್ಲಿ ಬರೀ F ಇತ್ತು. HX711ರ ಗಡಿಯಾರದ ಕಾಲು SCK 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆ ನಿಂತರೆ ಚಿಪ್ ಮಲಗಿಬಿಡುತ್ತದೆ. ಬ್ಲೂಟೂತ್ ಆಜ್ಞೆ ಓದುವ SoftwareSerial ಲೈಬ್ರರಿ ಒಂದು ಬೈಟ್ ಓದಿಕೊಳ್ಳಲು 9600 ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ನ್ಯಾನೋವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗ ಗಡಿಯಾರದ ಕಾಲು ಮೇಲೆಯೇ ಉಳಿಯಬಹುದು. ಗಡಿಯಾರ ಮೇಲಿರುವಷ್ಟು ಹೊತ್ತು ಮಾತ್ರ ಅಡಚಣೆಗಳನ್ನು ತಡೆದರೆ ಸಾಕು:

```
noInterrupts();
digitalWrite(SCK_PIN, HIGH);
delayMicroseconds(1);
v = (v << 1) | digitalRead(DT_PIN);
digitalWrite(SCK_PIN, LOW);
interrupts();
```

ತೂಕ ಹೊಂದಿಸುವಾಗ ಮೊದಲು ಅಂಗಡಿಯ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ಮೋಸಹೋದೆ. ಪೊಟ್ಟಣ ಎಂಟು ಗ್ರಾಂ ಹೆಚ್ಚಿತ್ತು, ನನ್ನ ಅಚ್ಚುಗಳೆಲ್ಲ ಎಂಟು ಗ್ರಾಂ ಕಡಿಮೆ ತೋರಿಸಿದವು. ಆಮೇಲೆ ಮುದ್ರೆ ಇರುವ ತೂಕದ ಕಲ್ಲುಗಳನ್ನು ಎರವಲು ತಂದೆ. ಖಾಲಿ ತಟ್ಟೆಗೆ ಬಂದ ಅಂಕಿ 84,300, ಒಂದು ಕಿಲೋ ಕಲ್ಲಿಗೆ 5,06,000. ವ್ಯತ್ಯಾಸ 4,21,700, ಎಂದರೆ ಗ್ರಾಂಗೆ 421.7. ಈ ಲೆಕ್ಕದಲ್ಲಿ ಎರಡು ಕಿಲೋಗೆ 9,27,700 ಬರಬೇಕು, ಬಂದದ್ದು 9,27,600. ಕಾಲು ಗ್ರಾಂನ ವ್ಯತ್ಯಾಸ. ಎರಡು ಕಿಲೋ ಇಟ್ಟು ನೋಡುವ ಈ ಹೆಜ್ಜೆಯನ್ನು ಬಿಡಬೇಡಿ. ತಟ್ಟೆಯ ತಿರುಪು ಸೆಲ್‌ನ ಕೆಳಗಿನ ಹಲಗೆಗೆ ತಾಗುತ್ತಿದ್ದರೆ ಒಂದು ಕಿಲೋದಲ್ಲಿ ತಿಳಿಯುವುದಿಲ್ಲ, ಎರಡರಲ್ಲಿ ಅಂಕಿ ಕಡಿಮೆ ಬಂದು ಸಿಕ್ಕಿಬೀಳುತ್ತದೆ.

ಅಂಕಿಗಳನ್ನು ಸೋಸುವ ಲೆಕ್ಕ ಈಗ ಬಹಳ ಸಣ್ಣದು. ಕೈ ಹಿಂದೆ ಸರಿದ ಮೇಲೆ ಬರುವ ಮೊದಲ ಐದು ಅಂಕಿಗಳನ್ನು ಎಸೆಯುತ್ತೇನೆ, ಏಕೆಂದರೆ ಈ ವೇಗದಲ್ಲಿ ಚಿಪ್ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕು. ಆಮೇಲೆ ಪ್ರತಿ ಐದರಲ್ಲಿ ಗಾತ್ರದಲ್ಲಿ ನಡುವಿನ ಅಂಕಿಯನ್ನು ಆರಿಸುತ್ತೇನೆ. ಹೀಗೆ ಆರಿಸಿದ ಮೂರು ಒಂದಾದ ಮೇಲೊಂದು ಅರ್ಧ ಗ್ರಾಂ ಒಳಗೆ ಬಂದರೆ ಅದೇ ತೂಕ. ಅಚ್ಚು ಹೋದ ಕೂಡಲೇ ಕೋಡ್ ನೆನಪನ್ನು ಅಳಿಸಿ ಹೊಸ ಸೊನ್ನೆ ಹಿಡಿಯುತ್ತದೆ. ಸೆಕೆಂಡಿಗೆ 80 ಅಂಕಿಯ ವೇಗವನ್ನೂ ಪ್ರಯತ್ನಿಸಿದೆ. ಆ ವೇಗದಲ್ಲಿ ಕರೆಂಟಿನ 50 ಹರ್ಟ್ಸ್ ಗುನುಗು ಒಳಗೆ ನುಗ್ಗಿತು, ಮತ್ತೆ ಹತ್ತಕ್ಕೇ ಬಂದೆ. ಕೈ ಅಚ್ಚನ್ನು ತಟ್ಟೆಗೆ ತಟ್ಟದಂತೆ ಇಳಿಸಲು ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸೆಲ್‌ಗಳನ್ನು ಬಾಗಿಸಿ ಹಾಳುಮಾಡಿ ಕಲಿತದ್ದು ಅದು.

ಸೊನ್ನೆ ಏಕೆ ಪ್ರತಿಸಲ ಹಿಡಿಯಬೇಕು ಎಂಬುದು ಒಂದು ರಾತ್ರಿಯ ಕುತೂಹಲದಿಂದ ತಿಳಿಯಿತು. ಒಲೆ ಉರಿಯುತ್ತಿದ್ದ ಸಂಜೆಯಿಂದ ಬೆಳಗಿನ ಜಾವದವರೆಗೆ ಖಾಲಿ ತಟ್ಟೆಯ ಅಂಕಿ ಬರೆಸಿದೆ. ಬಿಸಿ ಇಳಿಯುತ್ತ ಹೋದಂತೆ ಸೊನ್ನೆ ಮೂರೂವರೆ ಗ್ರಾಂ ಸರಿದಿತ್ತು. ಕೊಪ್ಪರಿಗೆಯಿಂದ ದೂರಕ್ಕೆ ಯಂತ್ರವನ್ನು ಸರಿಸಿದ ಮೇಲೆ ಅದೂ ಅರ್ಧವಾಯಿತು.

ಮಾರಾಟದ ತೂಕ ಮಾತ್ರ ಈಗಲೂ ಮುದ್ರೆ ಇರುವ ತಕ್ಕಡಿಯದ್ದೇ, ಕಾನೂನು ಹಾಗಿದೆ. ನನ್ನದು ಬೇರ್ಪಡಿಸುವ ಕೆಲಸ. ಒಟ್ಟು ಹಣ ಹದಿಮೂರು ಸಾವಿರ ದಾಟಿದೆ, ಈಗ ಮತ್ತೆ ಕಟ್ಟಿದರೆ ಏಳರಲ್ಲಿ ಮುಗಿಸುತ್ತೇನೆ. ಮಾವ ಹತ್ತು ಕಿಲೋ ಪೆಟ್ಟಿಗೆಗೂ ಒಂದನ್ನು ಕೇಳಿದ್ದಾರೆ. ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಸೆಲ್ ಜೋಡಿಸಿದ್ದೇನೆ. ಮೂರು ಮೂಲೆಗಳು ಒಂದೇ ತೂಕ ಹೇಳುತ್ತಿವೆ, ನಾಲ್ಕನೆಯದು ಎಂಟು ಗ್ರಾಂ ಹೆಚ್ಚು. ಈ ವಾರ ಆ ಮೂಲೆಯ ತಿರುಪನ್ನು ಬಿಚ್ಚಬೇಕು.