ಫೆಬ್ರವರಿ 29ಕ್ಕೆ ಶುರುವಾದ ಪ್ಲಾನ್: ರಿನೀವಲ್ ತಾರೀಕು ಸರಿ ಮಾಡಿದ ನನ್ನ ಅನುಭವ

2025ರ ಫೆಬ್ರವರಿ 27ಕ್ಕೆ ನಮ್ಮ ಆ್ಯಪ್‌ನ ಗ್ರಾಹಕರೊಬ್ಬರು ಫೋನ್ ಮಾಡಿದರು. ಅವರು ವರ್ಷದ ಪ್ಲಾನ್ ತಗೊಂಡಿದ್ದು 2024ರ ಫೆಬ್ರವರಿ 29ಕ್ಕೆ. "ನಿಮ್ಮ ಪೇಜಲ್ಲಿ ರಿನೀವಲ್ ಮಾರ್ಚ್ 1 ಅಂತಿದೆ, ಬ್ಯಾಂಕ್ ಮೆಸೇಜಲ್ಲಿ ನಾಳೆ 28ಕ್ಕೇ ದುಡ್ಡು ಕಟ್ ಆಗುತ್ತೆ ಅಂತಿದೆ. ಯಾವುದನ್ನ ನಂಬಲಿ ಸರ್?" ಅಂದರು. ಅವರು ಕೇಳಿದ್ದು ನ್ಯಾಯವಾಗೇ ಇತ್ತು.

ಹುಡುಕಿದಾಗ ಗೊತ್ತಾಯಿತು, ಪೇಜಿನ ತಾರೀಕು ಬರ್ತಿದ್ದದ್ದು ಜಾವಾಸ್ಕ್ರಿಪ್ಟ್‌ನ `setFullYear` ಇಂದ. 2025ರಲ್ಲಿ ಫೆಬ್ರವರಿ 29 ಇಲ್ಲ, ಹಾಗಾಗಿ ಅದು ಮಾರ್ಚ್ 1ಕ್ಕೆ ಜಾರುತ್ತದೆ. ಸರ್ವರ್‌ನಲ್ಲಿದ್ದದ್ದು ಪೈಥಾನ್‌ನ `relativedelta`, ಅದು 28ಕ್ಕೆ ಹಿಂದೆ ಬರುತ್ತದೆ. ನಾವು 28ನ್ನೇ ಇಟ್ಟುಕೊಂಡೆವು. ಗ್ರಾಹಕರಿಗೆ ಒಂದು ದಿನ ನಷ್ಟ ಅಲ್ವಾ ಅಂತ ತಂಡದಲ್ಲಿ ಒಬ್ಬರು ಕೇಳಿದರು. ಎಣಿಸಿ ನೋಡಿದೆವು: 2024ರ ಫೆಬ್ರವರಿ 29ರಿಂದ 2025ರ ಫೆಬ್ರವರಿ 27ರ ರಾತ್ರಿವರೆಗೆ ಸರಿಯಾಗಿ 365 ದಿನ. ಮಾರ್ಚ್ 1ಕ್ಕೆ ಸೇರಿದವರಿಗೆ ಸಿಗುವುದೂ ಅಷ್ಟೇ. ಆಮೇಲೆ ಪೇಜು ತಾನೇ ಲೆಕ್ಕ ಹಾಕುವುದನ್ನು ತೆಗೆದು, ಸರ್ವರ್ ಕೊಟ್ಟ ತಾರೀಕನ್ನೇ ತೋರಿಸುವ ಹಾಗೆ ಮಾಡಿದೆ.

ಇದಕ್ಕಿಂತ ದೊಡ್ಡ ತಪ್ಪು ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಅದರ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ನಮ್ಮ ಕೋಡ್ ಪ್ರತಿ ಸಲ ಹಿಂದಿನ ರಿನೀವಲ್ ತಾರೀಕಿಗೆ ಒಂದು ತಿಂಗಳು ಅಥವಾ ಒಂದು ವರ್ಷ ಸೇರಿಸುತ್ತಿತ್ತು. 2024ರ ಫೆಬ್ರವರಿ 29ಕ್ಕೇ ಶುರುವಾದ ತಿಂಗಳ ಪ್ಲಾನ್‌ಗಳು ಜನವರಿ 29ರವರೆಗೆ ಸರಿಯಾಗಿ ಬಂದು, ಫೆಬ್ರವರಿಯಲ್ಲಿ 28 ಆಗಿ, ಮಾರ್ಚ್‌ನಲ್ಲೂ 28ಕ್ಕೇ ನಿಂತುಬಿಟ್ಟಿದ್ದವು. ವರ್ಷದ ಪ್ಲಾನ್ ಆದರೆ 2028ರಲ್ಲಿ 29 ಇದ್ದರೂ 28ಕ್ಕೇ ದುಡ್ಡು ಕಟ್ ಆಗ್ತಿತ್ತು. ಒಂದು ಸಲ 28 ಅಂತ ಬರೆದಿಟ್ಟ ಮೇಲೆ, ಮೊದಲು 29 ಇತ್ತು ಅನ್ನುವುದು ಕೋಡ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾಗಿ ಶುರುವಿನ ತಾರೀಕನ್ನು ಬೇರೆಯಾಗಿ ಇಟ್ಟು, ಯಾವಾಗಲೂ ಅಲ್ಲಿಂದಲೇ ಎಣಿಸಿದೆ:

```python
next_date = start + relativedelta(months=n)
```

`n` ಅಂದರೆ ಶುರುವಿನಿಂದ ಎಷ್ಟನೇ ರಿನೀವಲ್ ಅನ್ನುವುದು. ಇದು ತಿಂಗಳ ಪ್ಲಾನ್‌ಗೆ, ವರ್ಷದ ಪ್ಲಾನ್ ಆದರೆ `months=12*n`. ಈಗ ತಿಂಗಳ ಪ್ಲಾನ್‌ನಲ್ಲಿ `n` 12 ಆದರೆ 2025-02-28 ಬರುತ್ತದೆ, 13 ಆದರೆ 2025-03-29. ಈ ಎರಡನ್ನೂ ಟೆಸ್ಟ್‌ನಲ್ಲಿ ಹಾಕಿದ್ದೇನೆ, ಯಾಕಂದ್ರೆ 12 ಒಂದನ್ನೇ ನೋಡಿದರೆ ಹಳೇ ಕೋಡ್ ಕೂಡ ಪಾಸ್ ಆಗುತ್ತದೆ.

ಕೆಟ್ಟುಹೋದ ದಾಖಲೆ ಹುಡುಕುವುದು ಸುಲಭ. ಶುರುವಾದ ದಿನ 29, ಮುಂದಿನ ರಿನೀವಲ್ ಫೆಬ್ರವರಿ ಅಲ್ಲದ ತಿಂಗಳ 28 ಅಂತಿದ್ದರೆ ಅದು ಜಾರಿದೆ ಅಂತಲೇ. 30, 31ಕ್ಕೆ ಶುರುವಾದವೂ ಹೀಗೇ ಸಿಕ್ಕವು, ಎಲ್ಲದರ ಮುಂದಿನ ತಾರೀಕನ್ನೂ ಶುರುವಿನಿಂದ ಮತ್ತೆ ಲೆಕ್ಕ ಹಾಕಿದೆ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಗ್ರಾಹಕರು ಪ್ಲಾನ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ `start` ಹೊಸದಾಗುತ್ತದೆ, ಅದರ ಜೊತೆಗೇ `n` ಕೂಡ 1 ಆಗಬೇಕು. ನಾನು ಮೊದಲು `n` ಬದಲಿಸೋದು ಮರೆತಿದ್ದೆ, ಒಬ್ಬರ ಮುಂದಿನ ರಿನೀವಲ್ 14 ತಿಂಗಳು ಆಚೆಗೆ ಹೋಗಿಬಿಟ್ಟಿತ್ತು.